ಬೆಳಿಗ್ಗೆ ಬೆರಳು ಸಿಕ್ಕಿಕೊಳ್ಳುತ್ತಿದೆಯೇ? ಟ್ರಿಗರ್ ಫಿಂಗರ್‌ಗೆ ವಿಶ್ರಾಂತಿ ಮತ್ತು ಮನೆಯಲ್ಲೇ ಮಾಡುವ ಸ್ಪ್ಲಿಂಟ್

ರಾತ್ರಿ ಸರಿಯಾಗಿದ್ದ ಬೆರಳು ಬೆಳಿಗ್ಗೆ ಏಳುವಾಗ ಮಡಚಿಕೊಂಡಿರುತ್ತದೆ. ನೆಟ್ಟಗೆ ಮಾಡಲು ಹೋದರೆ ಅರ್ಧದಲ್ಲಿ ತಡೆಯುತ್ತದೆ. ಇನ್ನಷ್ಟು ಬಲ ಹಾಕಿದಾಗ ‘ಟಕ್’ ಎಂದು ಒಮ್ಮೆಲೇ ಬಿಡಿಸಿಕೊಳ್ಳುತ್ತದೆ, ಜೊತೆಗೆ ಚುಳುಕ್ಕೆಂದು ನೋವು. ಹೊತ್ತು ಏರಿದಂತೆ ಬೆರಳು ಸಡಿಲವಾಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಏನೂ ಆಗಿಲ್ಲವೇನೋ ಎನ್ನುವಂತಿರುತ್ತದೆ. ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಟ್ರಿಗರ್ ಫಿಂಗರ್ ಎಂದು ವೈದ್ಯರು ಕರೆಯುವ ತೊಂದರೆಯ ಲಕ್ಷಣ ಇದು. ಉಂಗುರದ ಬೆರಳು ಮತ್ತು ಹೆಬ್ಬೆರಳಿನಲ್ಲಿ ಹೆಚ್ಚು, ನಡುಬೆರಳಿನಲ್ಲೂ ಆಗಾಗ ಕಾಣಿಸುತ್ತದೆ. ನಲವತ್ತು ದಾಟಿದ ಮಹಿಳೆಯರಲ್ಲಿ, ಮಧುಮೇಹ ಇರುವವರಲ್ಲಿ ಇದು ಇತರರಿಗಿಂತ ಸಾಮಾನ್ಯ.

ಹೊಸದಾಗಿ ಶುರುವಾಗಿದ್ದರೆ, ಬೆರಳು ಇನ್ನೂ ತಾನಾಗಿಯೇ ಬಿಡಿಸಿಕೊಳ್ಳುತ್ತಿದ್ದರೆ, ಆರು ವಾರ ಶಿಸ್ತಿನಿಂದ ಬೆರಳಿಗೆ ವಿಶ್ರಾಂತಿ ಕೊಟ್ಟು, ಅದನ್ನು ನೆಟ್ಟಗೆ ಹಿಡಿದಿಡುವ ಸ್ಪ್ಲಿಂಟ್ ಹಾಕಿಕೊಳ್ಳುವುದು ಮೊದಲು ಮಾಡಬೇಕಾದ ಕೆಲಸ. ಅದಕ್ಕೆ ತಗಲುವ ಖರ್ಚು ಒಂದು ಐಸ್‌ಕ್ರೀಮ್ ಕಡ್ಡಿ ಮತ್ತು ಒಂದು ಸುರುಳಿ ಟೇಪಿನದು. ಆದರೆ ಯಾಕೆ, ಎಲ್ಲಿ, ಎಷ್ಟು ಹೊತ್ತು ಎಂಬುದು ಗೊತ್ತಿಲ್ಲದೆ ಕಟ್ಟಿಕೊಂಡರೆ ಆ ಕಡ್ಡಿಯಿಂದ ಪ್ರಯೋಜನವಿಲ್ಲ. ಹಾಗಾಗಿ ಮೊದಲು ಒಳಗೆ ಏನಾಗಿದೆ ಎಂದು ನೋಡೋಣ.

ನೋವು ಗೆಣ್ಣಿನಲ್ಲಿ, ತೊಂದರೆ ಅಂಗೈಯಲ್ಲಿ

ಬಹುತೇಕ ಎಲ್ಲರೂ ತೋರಿಸುವುದು ಬೆರಳಿನ ನಡುಗೆಣ್ಣನ್ನು. ಅಲ್ಲಿ ಎಣ್ಣೆ ಹಚ್ಚಿ ತಿಕ್ಕುತ್ತಾರೆ, ಅಲ್ಲಿ ಬಿಸಿ ಇಡುತ್ತಾರೆ. ಆದರೆ ಸಿಕ್ಕು ಇರುವುದು ಅದಕ್ಕಿಂತ ಕೆಳಗೆ, ಬೆರಳು ಅಂಗೈಗೆ ಸೇರುವ ಜಾಗದಲ್ಲಿ.

ಬೆರಳನ್ನು ಮಡಚುವ ಸ್ನಾಯುಗಳು ಇರುವುದು ಮುಂಗೈಯಲ್ಲಿ. ಅಲ್ಲಿಂದ ಹೊರಟ ಹುರಿಯಂಥ ಸ್ನಾಯುರಜ್ಜುಗಳು ಅಂಗೈ ದಾಟಿ ಬೆರಳಿನ ತುದಿಯವರೆಗೆ ಹೋಗುತ್ತವೆ. ಬೆರಳು ಮಡಚಿದಾಗ ಈ ರಜ್ಜು ಮೂಳೆಯಿಂದ ಮೇಲೆದ್ದು ಬಿಗಿದು ನಿಲ್ಲಬಾರದು. ಅದಕ್ಕಾಗಿ ದಾರಿಯುದ್ದಕ್ಕೂ ಅಲ್ಲಲ್ಲಿ ಗಟ್ಟಿ ಪಟ್ಟಿಗಳು ಅದನ್ನು ಮೂಳೆಗೆ ಒತ್ತಿ ಹಿಡಿದಿರುತ್ತವೆ. ಬೆರಳಿನ ಬುಡದಲ್ಲಿರುವ ಮೊದಲ ಪಟ್ಟಿಗೆ ವೈದ್ಯರು ‘ಎ1’ ಎಂದು ಹೆಸರಿಟ್ಟಿದ್ದಾರೆ. ಬಿಗಿಯಾಗಿ ಹಿಡಿಯುವಾಗ ಅತಿ ಹೆಚ್ಚು ಒತ್ತಡ ಬೀಳುವುದು ಇದರ ಮೇಲೆ. ಕಾಲಕ್ರಮೇಣ ಈ ಪಟ್ಟಿ ದಪ್ಪವಾಗುತ್ತದೆ, ಒಳಗಿನ ಕಿಂಡಿ ಕಿರಿದಾಗುತ್ತದೆ. ಅದೇ ಜಾಗದಲ್ಲಿ ರಜ್ಜು ಕೂಡ ಊದಿ ಒಂದು ಸಣ್ಣ ಗಂಟು ಏಳುತ್ತದೆ. 1850ರಲ್ಲಿ ಫ್ರಾನ್ಸಿನ ವೈದ್ಯ ಅಲ್ಫೋನ್ಸ್ ನೊಟ್ಟಾ ಈ ಗಂಟನ್ನು ವಿವರಿಸಿದ್ದರಿಂದ ಅದನ್ನು ಇಂದಿಗೂ ಅವರ ಹೆಸರಿನಿಂದ ಕರೆಯುವುದುಂಟು.

ಪೈಜಾಮದ ಲಾಡಿಯಲ್ಲಿ ಗಂಟು ಬಿದ್ದರೆ ಅದು ನೇಫೆಯ ಬಾಯಲ್ಲಿ ಹೇಗೆ ತಡೆಯುತ್ತದೋ ಇಲ್ಲಿಯೂ ಹಾಗೆ. ಬೆರಳು ಮಡಚುವ ಸ್ನಾಯುಗಳಿಗೆ ಬಲ ಹೆಚ್ಚು, ಹಾಗಾಗಿ ಮಡಚುವಾಗ ಗಂಟು ಪಟ್ಟಿಯನ್ನು ದಾಟಿ ಅಂಗೈಯ ಕಡೆಗೆ ಬಂದುಬಿಡುತ್ತದೆ. ಬೆರಳು ಬಿಡಿಸುವ ಸ್ನಾಯುಗಳಿಗೆ ಅಷ್ಟು ಶಕ್ತಿಯಿಲ್ಲ. ಗಂಟು ಕಿಂಡಿಯ ಬಾಯಲ್ಲಿ ನಿಂತುಬಿಡುತ್ತದೆ. ಬಲ ಹಾಕಿದಾಗ ಅದು ನುಸುಳಿ ಹೋಗುವ ಸದ್ದೇ ನಮಗೆ ಕೇಳಿಸುವ ‘ಟಕ್’.

ಬೆಳಿಗ್ಗೆಯೇ ಯಾಕೆ ಹೆಚ್ಚು ಎಂಬುದಕ್ಕೂ ಉತ್ತರ ಇಲ್ಲೇ ಇದೆ. ನಿದ್ದೆಯಲ್ಲಿ ನಮ್ಮ ಬೆರಳುಗಳು ಅರ್ಧ ಮಡಚಿಕೊಂಡಿರುತ್ತವೆ. ಕೆಲವರು ಮುಷ್ಟಿ ಬಿಗಿದೇ ಮಲಗುತ್ತಾರೆ. ಅಂದರೆ ಗಂಟು ಗಂಟೆಗಟ್ಟಲೆ ಪಟ್ಟಿಯ ಈಚೆ ಬದಿಯಲ್ಲಿ ಕುಳಿತಿರುತ್ತದೆ. ಅಲುಗಾಟವಿಲ್ಲದ ಕೈಯಲ್ಲಿ ಸ್ವಲ್ಪ ಬಾವೂ ಸೇರುತ್ತದೆ. ಎದ್ದು ಬೆರಳು ಬಿಡಿಸುವಾಗ ಊದಿದ ಗಂಟು ಇಕ್ಕಟ್ಟಿನ ಕಿಂಡಿಯಲ್ಲಿ ಹಿಂದಕ್ಕೆ ಹೋಗಬೇಕು. ರಾತ್ರಿ ಬೆರಳನ್ನು ನೆಟ್ಟಗೆ ಇಟ್ಟರೆ ಈ ಬೆಳಗಿನ ಎಳೆದಾಟವೇ ತಪ್ಪುತ್ತದೆ. ಸ್ಪ್ಲಿಂಟ್ ಮಾಡುವುದು ಇಷ್ಟನ್ನೇ.

ಇದು ಟ್ರಿಗರ್ ಫಿಂಗರ್ ಹೌದೇ ಎಂದು ನೋಡಿಕೊಳ್ಳುವುದು

ತೊಂದರೆಯ ಕೈಯನ್ನು ಅಂಗೈ ಮೇಲಾಗಿ ಮೇಜಿನ ಮೇಲಿಡಿ. ಉಂಗುರದ ಬೆರಳು ಅಥವಾ ನಡುಬೆರಳಾದರೆ, ಅಂಗೈಯಲ್ಲಿ ಬೆರಳುಗಳಿಗೆ ಹತ್ತಿರ ಇರುವ ಅಡ್ಡಗೆರೆಯ ಮೇಲೆ, ಆ ಬೆರಳಿನ ನೇರಕ್ಕೆ, ಇನ್ನೊಂದು ಕೈಯ ಹೆಬ್ಬೆರಳನ್ನು ಹಗುರವಾಗಿ ಒತ್ತಿ. ಹೆಬ್ಬೆರಳಿನ ತೊಂದರೆಯಾದರೆ ಅದರ ಬುಡದ ಗೆರೆಯ ಮೇಲೆ ಒತ್ತಿ. ಒತ್ತಿದಾಗ ನೋಯುತ್ತಿದ್ದರೆ, ಬೆರಳನ್ನು ನಿಧಾನವಾಗಿ ಮಡಚಿ ಬಿಡಿಸುವಾಗ ನಿಮ್ಮ ಹೆಬ್ಬೆರಳಿನ ಅಡಿಯಲ್ಲಿ ಕಾಳಿನಷ್ಟು ಗಾತ್ರದ ಏನೋ ಜಾರಿದಂತೆ ಅನ್ನಿಸಿದರೆ, ಬಹುಮಟ್ಟಿಗೆ ಇದು ಅದೇ. ಒಮ್ಮೆ ನೋಡಿ ನಿಲ್ಲಿಸಿಬಿಡಿ. ದಿನಕ್ಕೆ ಹತ್ತಾರು ಸಲ ‘ಟಕ್’ ಎನ್ನಿಸಿ ಪರೀಕ್ಷಿಸುವ ಅಭ್ಯಾಸ ಬಹಳ ಜನರಿಗಿದೆ. ಪ್ರತಿ ಸಲವೂ ಊದಿದ ಭಾಗ ಪಟ್ಟಿಗೆ ಉಜ್ಜಿಕೊಂಡು ಮತ್ತಷ್ಟು ಊದುತ್ತದೆ.

ಹೀಗೆ ಕಾಣುವ ಬೇರೆ ತೊಂದರೆಗಳೂ ಇವೆ. ಎರಡೂ ಕೈಗಳ ಹಲವು ಗೆಣ್ಣುಗಳು ಊದಿಕೊಂಡು, ಬೆಳಗಿನ ಬಿಗಿತ ಒಂದು ಗಂಟೆಯಾದರೂ ಹೋಗದಿದ್ದರೆ ಸಂಧಿವಾತವನ್ನು ಪರೀಕ್ಷಿಸಬೇಕು. ಅಂಗೈಯ ಚರ್ಮದಡಿ ಗಟ್ಟಿ ದಾರದಂಥದ್ದು ಎದ್ದು, ಬೆರಳು ‘ಟಕ್’ ಎನ್ನದೆ, ನೋವೂ ಇಲ್ಲದೆ ತಿಂಗಳುಗಟ್ಟಲೆ ನಿಧಾನವಾಗಿ ಬಾಗುತ್ತಾ ಹೋದರೆ ಅದು ಬೇರೆ ಕಾಯಿಲೆ. ರಾತ್ರಿ ಹೆಬ್ಬೆರಳಿನಿಂದ ಉಂಗುರದ ಬೆರಳಿನವರೆಗೆ ಜೋಮು ಹಿಡಿಯುತ್ತಿದ್ದರೆ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡಿರಬಹುದು. ಇದು ಟ್ರಿಗರ್ ಫಿಂಗರ್ ಜೊತೆಗೇ ಬರುವುದುಂಟು, ವೈದ್ಯರಿಗೆ ಎರಡನ್ನೂ ಹೇಳಿ.

ಒಂದು ಸ್ಥಿತಿಯಲ್ಲಿ ಮಾತ್ರ ಮನೆಯ ಯಾವ ಉಪಾಯವೂ ಬೇಡ. ಬೆರಳು ಪೂರ್ತಿ ಕೆಂಪಾಗಿ, ಬಿಸಿಯಾಗಿ, ಉದ್ದಕ್ಕೂ ಊದಿಕೊಂಡು, ಬೇರೆಯವರು ಸ್ವಲ್ಪ ಬಿಡಿಸಿದರೂ ತಡೆಯಲಾಗದ ನೋವಾದರೆ, ಅದರಲ್ಲೂ ಕೆಲವು ದಿನಗಳ ಹಿಂದೆ ಮುಳ್ಳೋ ಸೂಜಿಯೋ ಚುಚ್ಚಿದ್ದರೆ, ಅದು ರಜ್ಜುವನ್ನು ಸುತ್ತಿರುವ ಚೀಲದಂಥ ಕೋಶದೊಳಗಿನ ಸೋಂಕಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಒಂದೆರಡು ದಿನ ತಡವಾದರೂ ಬೆರಳಿನ ಚಲನೆ ಶಾಶ್ವತವಾಗಿ ಹೋಗಬಹುದು.

ವಿಶ್ರಾಂತಿ ಎಂದರೆ ಏನನ್ನು ಬಿಡುವುದು

ಕೈಗೆ ವಿಶ್ರಾಂತಿ ಕೊಡಿ ಎಂದು ಹೇಳುವುದು ಸುಲಭ. ಮನೆಯ ಕೆಲಸ, ದುಡಿಮೆ ಎರಡನ್ನೂ ಕೈಯಿಂದಲೇ ಮಾಡುವವರಿಗೆ ಆ ಮಾತು ಉಪಯೋಗಕ್ಕೆ ಬರುವುದಿಲ್ಲ. ಬಿಡಬೇಕಾದದ್ದು ಕೈಯ ಬಳಕೆಯನ್ನಲ್ಲ. ಬಿಗಿ ಹಿಡಿತವನ್ನು, ಮತ್ತು ಬೆರಳಿನ ಬುಡಕ್ಕೆ ಗಟ್ಟಿ ವಸ್ತು ಒತ್ತುವುದನ್ನು. ಹೀಗೆ ಬಿಡಿಸಿ ನೋಡಿದರೆ ದಾರಿ ಸಿಗುತ್ತದೆ.

ಐವತ್ತು ದಾಟಿದ ಒಬ್ಬ ಹೊಲಿಗೆಯ ಹೆಂಗಸನ್ನು ಕಣ್ಣ ಮುಂದೆ ತಂದುಕೊಳ್ಳಿ. ಬಲಗೈಯ ಉಂಗುರದ ಬೆರಳು ಎರಡು ತಿಂಗಳಿಂದ ಬೆಳಿಗ್ಗೆ ಸಿಕ್ಕಿಕೊಳ್ಳುತ್ತಿದೆ, ಆದರೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಮಧುಮೇಹ ಇಲ್ಲ. ಅವರ ದಿನವನ್ನು ಒಂದೊಂದಾಗಿ ನೋಡೋಣ. ಬೆಳಿಗ್ಗೆ ಬಟ್ಟೆ ಒಗೆದು ಹಿಂಡುತ್ತಾರೆ, ತುರಿಮಣೆಯಲ್ಲಿ ಕಾಯಿ ತುರಿಯುತ್ತಾರೆ, ಆಮೇಲೆ ಬಟ್ಟೆ ಕತ್ತರಿಸುತ್ತಾರೆ, ಹೊಲಿಯುತ್ತಾರೆ, ಸಂಜೆ ತರಕಾರಿಯ ಚೀಲ ಹೊತ್ತು ಬರುತ್ತಾರೆ. ಇವುಗಳಲ್ಲಿ ಮಿಷನ್ನಿನ ಕೆಳಗೆ ಬಟ್ಟೆ ತಳ್ಳುವುದು ತೊಂದರೆಯ ಕೆಲಸವಲ್ಲ, ಅಲ್ಲಿ ಬೆರಳುಗಳು ಚಾಚಿಕೊಂಡೇ ಇರುತ್ತವೆ. ಹೊಲಿಗೆಯನ್ನು ನಿಲ್ಲಿಸಬೇಕಿಲ್ಲ. ತೊಂದರೆ ಕೊಡುವುದು ಕಬ್ಬಿಣದ ದೊಡ್ಡ ಕತ್ತರಿ: ಅದರ ಹಿಡಿಯ ಅಂಚು ಬೆರಳಿನ ಬುಡಕ್ಕೇ ಒತ್ತುತ್ತದೆ, ಹಲವು ಪದರ ಬಟ್ಟೆಯನ್ನು ಒಟ್ಟಿಗೆ ಕತ್ತರಿಸುವಾಗ ಮುಷ್ಟಿ ಬಿಗಿಯಲೇಬೇಕು. ಹಿಡಿಗೆ ದಪ್ಪನೆಯ ಬಟ್ಟೆ ಸುತ್ತಿ, ಕತ್ತರಿಗೆ ಸಾಣೆ ಹಿಡಿಸಿ, ಒಮ್ಮೆಗೆ ಒಂದೆರಡು ಪದರ ಮಾತ್ರ ಕತ್ತರಿಸಿದರೆ ಒತ್ತಡ ಬಹಳ ಇಳಿಯುತ್ತದೆ. ಕತ್ತರಿಸುವ ಕೆಲಸವನ್ನೆಲ್ಲ ಒಂದೇ ಹೊತ್ತಿಗೆ ಇಟ್ಟುಕೊಳ್ಳದೆ, ಹತ್ತು ಹದಿನೈದು ನಿಮಿಷ ಕತ್ತರಿಸಿ ನಡುವೆ ಹೊಲಿಗೆಗೆ ಕೂರುವುದು ಒಳ್ಳೆಯದು.

ಬಟ್ಟೆ ಹಿಂಡುವುದನ್ನು ಆರು ವಾರ ಮನೆಯ ಇನ್ನೊಬ್ಬರು ಮಾಡಲಿ. ಅದು ಆಗದಿದ್ದರೆ ಹಿಂಡದೆ ನೀರು ಬಸಿಯಲು ನೇತುಹಾಕುವುದೇ ಲೇಸು. ತುರಿಮಣೆಯಲ್ಲಿ ಕಾಯಿಯ ಹೋಳನ್ನು ಬಿಗಿಯಾಗಿ ಹಿಡಿಯಬೇಕಾಗುತ್ತದೆ. ಎಡಗೈಗೆ ಬದಲಿಸಿ, ಇಲ್ಲವೇ ಚೂರು ಮಾಡಿ ಮಿಕ್ಸಿಗೆ ಹಾಕಿ. ಪ್ಲಾಸ್ಟಿಕ್ ಚೀಲದ ತೆಳು ಹಿಡಿಯನ್ನು ಬೆರಳುಗಳಿಗೆ ಸಿಕ್ಕಿಸಿಕೊಂಡು ನಡೆಯುವುದಂತೂ ಬೇಡವೇ ಬೇಡ, ಪೂರ್ತಿ ಭಾರ ಅದೇ ಪಟ್ಟಿಯ ಮೇಲೆ ಬೀಳುತ್ತದೆ. ಭುಜಕ್ಕೆ ಹಾಕುವ ಚೀಲ ಒಯ್ಯಿರಿ. ನಿಮ್ಮ ಕೆಲಸ ಬೇರೆಯಿರಬಹುದು: ಬೈಕಿನ ಕ್ಲಚ್, ಕುಡುಗೋಲು, ಸ್ಕ್ರೂಡ್ರೈವರ್. ನೋಡಬೇಕಾದದ್ದು ಮಾತ್ರ ಅದೇ: ಎಲ್ಲಿ ಮುಷ್ಟಿ ಬಿಗಿಯುತ್ತದೆ, ಯಾವುದು ಬುಡಕ್ಕೆ ಒತ್ತುತ್ತದೆ.

ಬೆರಳಿನಲ್ಲಿ ಉಂಗುರವಿದ್ದರೆ ಇವತ್ತೇ ತೆಗೆದಿಡಿ. ಬಾವು ಹೆಚ್ಚಾದ ಮೇಲೆ ಗೆಣ್ಣು ದಾಟಿಸುವುದು ಕಷ್ಟ, ಸ್ಪ್ಲಿಂಟಿಗೂ ಅದು ಅಡ್ಡ.

ಸ್ಪ್ಲಿಂಟ್ ಮಾಡುವ ಬಗೆ

ಬೇಕಾದದ್ದು ಒಂದು ಚಪ್ಪಟೆ ಐಸ್‌ಕ್ರೀಮ್ ಕಡ್ಡಿ, ಸ್ವಲ್ಪ ಹತ್ತಿ ಅಥವಾ ಹಳೆಯ ಪಂಚೆಯ ಮೆದು ಬಟ್ಟೆ, ಮತ್ತು ಮೆಡಿಕಲ್ ಅಂಗಡಿಯಲ್ಲಿ ಸಿಗುವ ಕಾಗದದ ಟೇಪು, ಅರ್ಧ ಇಂಚಿನದು. ಎಲೆಕ್ಟ್ರಿಕ್ ಕೆಲಸದ ಟೇಪು ಬೇಡ, ಅದು ಬಿಗಿಯುತ್ತದೆ, ಚರ್ಮ ಬೆವರಿ ಕೊಳೆಯುತ್ತದೆ.

ಅಂಗೈ ಕಡೆಯಿಂದ ನಿಮ್ಮ ಬೆರಳನ್ನು ನೋಡಿ. ಬುಡದಲ್ಲಿ ಒಂದು ಗೆರೆ, ನಡುಗೆಣ್ಣಿನಲ್ಲಿ ಒಂದು, ತುದಿಗೆಣ್ಣಿನಲ್ಲಿ ಇನ್ನೊಂದು. ಬುಡದ ಗೆರೆಗಿಂತ ತುಸು ಮೇಲಿನಿಂದ ತುದಿಗೆಣ್ಣಿನ ಗೆರೆಯವರೆಗೆ ಅಳೆಯಿರಿ. ದೊಡ್ಡವರ ಉಂಗುರದ ಬೆರಳಿನಲ್ಲಿ ಇದು ಸಾಮಾನ್ಯವಾಗಿ 4ರಿಂದ 5 ಸೆಂಟಿಮೀಟರ್ ಬರುತ್ತದೆ. ಅಷ್ಟು ಉದ್ದಕ್ಕೆ ಕಡ್ಡಿ ಕತ್ತರಿಸಿ, ತುದಿಗಳನ್ನು ಉಜ್ಜಿ ದುಂಡಗೆ ಮಾಡಿ. ಬೆರಳಿಗೆ ತಾಗುವ ಬದಿಗೆ ಮತ್ತು ಎರಡೂ ತುದಿಗಳಿಗೆ ಹತ್ತಿಯನ್ನೋ ಬಟ್ಟೆಯನ್ನೋ ಸುತ್ತಿ ಟೇಪಿನಿಂದ ಅಂಟಿಸಿ. ಕಡ್ಡಿ ಉದ್ದವಾಗಿ ಅಂಗೈಗೆ ಚುಚ್ಚಿದರೆ ನೋಯುತ್ತಿರುವ ಪಟ್ಟಿಯ ಮೇಲೇ ಒತ್ತುತ್ತದೆ, ಅದಕ್ಕೇ ಬುಡದ ಗೆರೆಯನ್ನು ಬಿಟ್ಟು ಅಳೆಯುವುದು.

ಕಟ್ಟುವ ಮೊದಲು ಬೆರಳು ನೆಟ್ಟಗಾಗಿರಬೇಕು. ಕಡ್ಡಿಯನ್ನು ಬೆರಳಿನ ಒಳಬದಿಗೆ, ಅಂದರೆ ಅಂಗೈ ಕಡೆಗೆ ಇಡಿ. ಬುಡ ಮತ್ತು ನಡುಗೆಣ್ಣಿನ ನಡುವೆ ಒಂದು ಸುತ್ತು ಟೇಪು, ನಡುಗೆಣ್ಣು ಮತ್ತು ತುದಿಗೆಣ್ಣಿನ ನಡುವೆ ಇನ್ನೊಂದು. ಗೆಣ್ಣಿನ ಮೇಲೆ ಟೇಪು ಬೇಡ. ಎಳೆದು ಸುತ್ತಬೇಡಿ, ಹಾಸಿದಂತೆ ಅಂಟಿಸಿ. ಈಗ ನಡುಗೆಣ್ಣು ಮಡಚುವುದಿಲ್ಲ, ಬುಡದ ಕೀಲು ಮತ್ತು ತುದಿಗೆಣ್ಣು ಅಲುಗುತ್ತವೆ. ನಡುಗೆಣ್ಣು ಮಡಚದಿದ್ದರೆ ಪೂರ್ತಿ ಮುಷ್ಟಿಯಾಗುವುದಿಲ್ಲ, ರಜ್ಜು ಪಟ್ಟಿಯೊಳಗೆ ದೂರ ಓಡಾಡುವುದಿಲ್ಲ. ಹೆಬ್ಬೆರಳಿಗೆ ಇರುವುದು ಒಂದೇ ಗೆಣ್ಣು. ಅದನ್ನು ನಡುವೆ ಇಟ್ಟುಕೊಂಡು ಚಿಕ್ಕ ಕಡ್ಡಿ ಸಾಕು.

ಕಟ್ಟಿದ ಮೇಲೆ ಉಗುರನ್ನು ಒತ್ತಿ ಬಿಡಿ. ಬಿಳಿಚಿದ ಉಗುರು ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಕಾಲು ಗಂಟೆಯ ನಂತರ ಬೆರಳಿನ ತುದಿ ಜೋಮು ಹಿಡಿದರೆ, ಮಿಡಿಯುತ್ತಿದ್ದರೆ, ನೀಲಿಯಾದರೆ ಬಿಚ್ಚಿ ಸಡಿಲವಾಗಿ ಕಟ್ಟಿ. ಮಧುಮೇಹದಿಂದ ಬೆರಳಿನ ಸ್ಪರ್ಶ ಕಡಿಮೆಯಾಗಿದ್ದರೆ ಬಿಗಿ ಗೊತ್ತಾಗುವುದಿಲ್ಲ. ಅಂಥವರು ಮೊದಲ ದಿನ ಹಗಲು ಒಂದು ಗಂಟೆ ಹಾಕಿಕೊಂಡು, ಬಿಚ್ಚಿ ಚರ್ಮದ ಮೇಲೆ ಕೆಂಪು ಗುರುತು ಉಳಿದಿದೆಯೇ ಎಂದು ಕಣ್ಣಿನಿಂದ ನೋಡಿದ ಮೇಲೆಯೇ ರಾತ್ರಿ ಹಾಕಿಕೊಳ್ಳಬೇಕು.

ಅಂಗಡಿಯಲ್ಲಿ ಸಿಗುವ ಅಲ್ಯೂಮಿನಿಯಂ ಮತ್ತು ಸ್ಪಂಜಿನ ಫಿಂಗರ್ ಸ್ಪ್ಲಿಂಟ್ ಕೂಡ ಆಗುತ್ತದೆ, ಬೆರಳು ನೆಟ್ಟಗೆ ಇರುವಂತೆ ಅದನ್ನು ಬಗ್ಗಿಸಿಕೊಂಡರೆ ಸಾಕು. ಕೈ ಚಿಕಿತ್ಸೆ ಮಾಡುವ ಆಕ್ಯುಪೇಷನಲ್ ಥೆರಪಿಸ್ಟರು ಇನ್ನೊಂದು ಬಗೆಯದನ್ನು ಮಾಡಿಕೊಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಪ್ಲಾಸ್ಟಿಕ್ಕಿನಿಂದ ಕೈಯ ಅಳತೆಗೆ ರೂಪಿಸಿದ ಅದು ಬುಡದ ಕೀಲನ್ನು ಮಾತ್ರ ಬಹುಮಟ್ಟಿಗೆ ನೆಟ್ಟಗೆ ಹಿಡಿಯುತ್ತದೆ, ಮೇಲಿನ ಎರಡು ಗೆಣ್ಣು ಸ್ವತಂತ್ರವಾಗಿರುತ್ತವೆ. ಹಗಲು ಕೈ ಕೆಲಸ ಬಿಡಲಾಗದವರಿಗೆ ಇದು ಅನುಕೂಲ.

ಆರು ವಾರ ಹೇಗೆ ಸಾಗಬೇಕು

ಮೊದಲ ವಾರದಿಂದಲೇ ಪ್ರತಿ ರಾತ್ರಿ ಸ್ಪ್ಲಿಂಟ್ ಇರಲಿ. ಹಗಲಿನಲ್ಲಿ ಬಿಗಿ ಹಿಡಿತದ ಕೆಲಸ ತಪ್ಪದಿದ್ದಾಗ ಆ ಹೊತ್ತಿಗೂ ಹಾಕಿಕೊಳ್ಳಿ. ಸಾಧ್ಯವಿದ್ದವರು ದಿನದ ಹೆಚ್ಚು ಹೊತ್ತು ಹಾಕಿಕೊಂಡಷ್ಟೂ ಒಳ್ಳೆಯದು. ಆದರೆ ಇಡೀ ದಿನ ಬಿಚ್ಚದೆ ಇಟ್ಟರೆ ಗೆಣ್ಣೇ ಬಿಗಿದುಕೊಳ್ಳುತ್ತದೆ. ಹಗಲು ಮೂರು ನಾಲ್ಕು ಸಲ ಬಿಚ್ಚಿ ಕೈ ತೊಳೆದು ಒರೆಸಿ, ಬುಡದ ಕೀಲನ್ನು ನೆಟ್ಟಗೆ ಇಟ್ಟುಕೊಂಡು ಮೇಲಿನ ಎರಡು ಗೆಣ್ಣುಗಳನ್ನು ಮಾತ್ರ ಕೊಕ್ಕೆಯ ಆಕಾರಕ್ಕೆ ಮಡಚಿ ಬಿಡಿಸಿ, ಹತ್ತು ಸಲ. ಹೀಗೆ ಮಡಚಿದರೆ ಬೆರಳು ಸಾಮಾನ್ಯವಾಗಿ ಸಿಕ್ಕಿಕೊಳ್ಳುವುದಿಲ್ಲ. ಸಿಕ್ಕಿಕೊಂಡರೆ ಅಷ್ಟು ಆಳಕ್ಕೆ ಮಡಚಬೇಡಿ. ಸ್ಪಂಜಿನ ಚೆಂಡು ಹಿಸುಕುವ ವ್ಯಾಯಾಮ ಈ ತೊಂದರೆಗೆ ತಕ್ಕುದಲ್ಲ, ಅದು ಬಿಗಿ ಹಿಡಿತವೇ.

ಬೆಳಿಗ್ಗೆ ಬೆರಳು ಸಿಕ್ಕಿಕೊಂಡೇ ಇದ್ದರೆ ಎಳೆಯಬೇಡಿ. ಕೈಯನ್ನು ಹತ್ತು ನಿಮಿಷ ಬೆಚ್ಚಗಿನ ನೀರಿನಲ್ಲಿಡಿ, ಆಮೇಲೆ ನೀರಿನೊಳಗೇ ಇನ್ನೊಂದು ಕೈಯಿಂದ ಮೆಲ್ಲಗೆ ಬಿಡಿಸಿ. ನರ ಹಿಡಿದಿದೆ ಎಂದು ಯಾರಾದರೂ ಬೆರಳು ಎಳೆದು ‘ಸರಿ ಮಾಡಲು’ ಬಂದರೆ ಕೈ ಕೊಡಬೇಡಿ. ಗಂಟಿನ ಮೇಲೆ ಜೋರಾಗಿ ತಿಕ್ಕುವುದರಿಂದಲೂ ಬಾವು ಹೆಚ್ಚುತ್ತದೆ. ನೋವಿನ ಮಾತ್ರೆ ನೋವನ್ನು ಇಳಿಸಬಹುದು, ಸಿಕ್ಕನ್ನು ಬಿಡಿಸುವುದಿಲ್ಲ. ಮೂತ್ರಪಿಂಡದ ತೊಂದರೆ, ಹೊಟ್ಟೆಯ ಹುಣ್ಣು, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ನುಂಗುವುದು ಬೇಡ.

ಕ್ಯಾಲೆಂಡರಿನಲ್ಲಿ ದಿನಕ್ಕೊಂದು ಗುರುತು ಹಾಕಿ: ಸಿಕ್ಕಿಕೊಂಡ ದಿನ ಅಡ್ಡಗೆರೆ, ಬರೀ ಬಿಗಿಯಿದ್ದ ದಿನ ಚುಕ್ಕೆ, ಸರಾಗವಾಗಿದ್ದ ದಿನ ಖಾಲಿ. ನಮ್ಮ ಹೊಲಿಗೆಯ ಹೆಂಗಸಿಗೆ ಮೊದಲ ಎರಡು ವಾರ ಬರೀ ಅಡ್ಡಗೆರೆಗಳೇ ಬರಬಹುದು, ಅಂಗೈಯ ನೋವಷ್ಟೇ ತುಸು ಇಳಿದಿರುತ್ತದೆ. ಇಲ್ಲಿಯೇ ಹೆಚ್ಚಿನವರು ಕೈಬಿಡುತ್ತಾರೆ. ದಪ್ಪಗಾದ ಪಟ್ಟಿ ಮತ್ತು ಊದಿದ ರಜ್ಜು ಇಳಿಯಲು ವಾರಗಳು ಬೇಕು. ಮೂರನೆಯ, ನಾಲ್ಕನೆಯ ವಾರ ಚುಕ್ಕೆಗಳು ಶುರುವಾಗಿ, ಆರನೆಯ ವಾರಕ್ಕೆ ಖಾಲಿ ದಿನಗಳೇ ಹೆಚ್ಚಾದರೆ ದಾರಿ ಸರಿಯಿದೆ ಎಂದು ಅರ್ಥ. ಆಗಲೂ ಒಮ್ಮೆಲೇ ಬಿಡದೆ ಇನ್ನೆರಡು ವಾರ ರಾತ್ರಿ ಮಾತ್ರ ಹಾಕಿಕೊಂಡು, ಆಮೇಲೆ ಒಂದು ರಾತ್ರಿ ಬಿಟ್ಟು ಒಂದು ರಾತ್ರಿ ಮಾಡಿ ನಿಲ್ಲಿಸಬಹುದು. ಕತ್ತರಿಯ ಹಿಡಿಗೆ ಸುತ್ತಿದ ಬಟ್ಟೆ ಮಾತ್ರ ಹಾಗೆಯೇ ಇರಲಿ.

ಸ್ಪ್ಲಿಂಟ್ ಸಾಲದಾದಾಗ

ಆರು ವಾರದ ಕೊನೆಗೂ ಅಡ್ಡಗೆರೆಗಳು ಕಡಿಮೆಯಾಗದಿದ್ದರೆ ಮೂಳೆ ವೈದ್ಯರನ್ನು ನೋಡಿ. ಬೆರಳನ್ನು ಪ್ರತಿ ಸಲ ಇನ್ನೊಂದು ಕೈಯಿಂದಲೇ ಬಿಡಿಸಬೇಕಾದವರು, ಹಲವು ತಿಂಗಳಿಂದ ತೊಂದರೆ ಇರುವವರು, ಒಂದಕ್ಕಿಂತ ಹೆಚ್ಚು ಬೆರಳು ಸಿಕ್ಕಿಕೊಳ್ಳುವವರು ಆರು ವಾರ ಕಾಯದೆ ಮೊದಲೇ ಹೋಗುವುದು ಒಳ್ಳೆಯದು. ಇಂಥವರಿಗೆ ಬರೀ ಸ್ಪ್ಲಿಂಟಿನಿಂದ ಗುಣವಾಗುವುದು ಕಡಿಮೆ. ಬೆರಳು ಬಾಗಿದ ಸ್ಥಿತಿಯಲ್ಲೇ ನಿಂತು ಹೇಗೂ ಬಿಡಿಸಲಾಗದಿದ್ದರೆ ತಡಮಾಡಬಾರದು, ಗೆಣ್ಣು ಹಾಗೆಯೇ ಬಿಗಿದುಕೊಂಡರೆ ಆಮೇಲೆ ಶಸ್ತ್ರಚಿಕಿತ್ಸೆ ಮಾಡಿದರೂ ಪೂರ್ತಿ ನೆಟ್ಟಗಾಗುವುದು ಕಷ್ಟ. ಪುಟ್ಟ ಮಗುವಿನ ಹೆಬ್ಬೆರಳು ಬಾಗಿ ನಿಂತಿದ್ದರೆ ಇಲ್ಲಿ ಹೇಳಿದ ಕಡ್ಡಿ ಕಟ್ಟಬೇಡಿ. ಮಕ್ಕಳಲ್ಲಿ ಇದರ ಬಗೆಯೇ ಬೇರೆ, ವೈದ್ಯರೇ ನೋಡಬೇಕು.

ವೈದ್ಯರ ಮುಂದಿನ ಹೆಜ್ಜೆ ಸಾಮಾನ್ಯವಾಗಿ ರಜ್ಜುವಿನ ಕೋಶಕ್ಕೆ ಸ್ಟೆರಾಯ್ಡ್ ಇಂಜೆಕ್ಷನ್. ಸ್ಟೆರಾಯ್ಡ್ ಎಂಬ ಹೆಸರಿಗೆ ಹೆದರಬೇಕಿಲ್ಲ; ಸಣ್ಣ ಪ್ರಮಾಣವನ್ನು ಒಂದು ಜಾಗಕ್ಕೆ ಮಾತ್ರ ಕೊಡುತ್ತಾರೆ, ಹೆಚ್ಚಿನವರಿಗೆ ಕೆಲವು ದಿನಗಳಿಂದ ಕೆಲವು ವಾರಗಳೊಳಗೆ ಸಿಕ್ಕು ಬಿಡುತ್ತದೆ. ಕೆಲವರಿಗೆ ತಿಂಗಳುಗಳ ನಂತರ ಮರಳಿ ಬರುವುದೂ ಉಂಟು. ಮಧುಮೇಹಿಗಳು ಒಂದು ವಿಷಯ ನೆನಪಿಡಬೇಕು: ಇಂಜೆಕ್ಷನ್ ಆದ ಮೇಲೆ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಆದ್ದರಿಂದ ತಮಗೆ ಮಧುಮೇಹ ಇದೆ ಎಂದು ಮೊದಲೇ ಹೇಳಿ, ಆ ವಾರ ಸಕ್ಕರೆಯನ್ನು ಹೆಚ್ಚು ಸಲ ಪರೀಕ್ಷಿಸಿಕೊಳ್ಳಬೇಕು. ಇಂಜೆಕ್ಷನ್ ಇವರಿಗೆ ಇತರರಷ್ಟು ಚೆನ್ನಾಗಿ ನಾಟುವುದೂ ಇಲ್ಲ. ಇನ್ನು, ಮಧುಮೇಹ ಇದೆಯೋ ಇಲ್ಲವೋ ಗೊತ್ತೇ ಇಲ್ಲದವರಿಗೆ ಬೆರಳು ಸಿಕ್ಕಿಕೊಳ್ಳತೊಡಗಿದರೆ ಒಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ವಿವೇಕ.

ಇಂಜೆಕ್ಷನ್ನಿಗೂ ಜಗ್ಗದಿದ್ದರೆ ಉಳಿಯುವುದು ಎ1 ಪಟ್ಟಿಯನ್ನು ಸೀಳಿ ಕಿಂಡಿ ಅಗಲಿಸುವ ಚಿಕ್ಕ ಶಸ್ತ್ರಚಿಕಿತ್ಸೆ. ಆ ಜಾಗಕ್ಕೆ ಮಾತ್ರ ಮರಗಟ್ಟುವ ಮದ್ದು ಕೊಟ್ಟು ಅಂಗೈಯಲ್ಲಿ ಸಣ್ಣದಾಗಿ ಕೊಯ್ಯುತ್ತಾರೆ, ಅದೇ ದಿನ ಮನೆಗೆ ಕಳಿಸುತ್ತಾರೆ. ಉಳಿದ ಪಟ್ಟಿಗಳು ರಜ್ಜುವನ್ನು ಹಿಡಿದಿಡುವುದರಿಂದ ಈ ಒಂದು ಪಟ್ಟಿ ಸೀಳಿದರೆ ಬೆರಳಿನ ಶಕ್ತಿ ಕುಂದುವುದಿಲ್ಲ. ಹಿಂದಿನ ಆರು ವಾರ ಬೆರಳು ಸ್ಪ್ಲಿಂಟಿನಲ್ಲಿ ಇತ್ತು. ಈ ಚಿಕಿತ್ಸೆಯ ನಂತರ ಅದಕ್ಕೆ ತದ್ವಿರುದ್ಧವಾಗಿ ಮೊದಲ ದಿನದಿಂದಲೇ ಬೆರಳನ್ನು ಪೂರ್ತಿ ಮಡಚಿ ಬಿಡಿಸುತ್ತಿರಬೇಕು. ನೋವಿಗೆ ಹೆದರಿ ಅಲುಗಿಸದೆ ಇಟ್ಟರೆ ರಜ್ಜು ಗಾಯದ ಕಲೆಗೆ ಅಂಟಿಕೊಳ್ಳುತ್ತದೆ.